ಚಿಕ್ಕಮ್ಮನನ್ನು 48 ಪಿಕ್ಸೆಲ್‌ಗೆ ಇಳಿಸಿದ್ದು

ಬಿಡುವಿದ್ದಾಗ ಒಂದು ಸಣ್ಣ ಗೇಮ್ ಮಾಡುತ್ತಿದ್ದೇನೆ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟ, ಕೊಯ್ಲಿನ ಸಮಯ, ಮೋಡ ಕಟ್ಟುವ ಮೊದಲು ಹಣ್ಣು ಬಿಡಿಸಿ ಕಣಕ್ಕೆ ಸಾಗಿಸಬೇಕು, ಅಷ್ಟೇ ಆಟ. ಆಡುವವರು ನಡೆಸುವ ಪಾತ್ರ ನಮ್ಮ ಚಿಕ್ಕಮ್ಮ. ಸುಮ್ನೆ ಯಾರೋ ಒಬ್ಬ ಹೆಂಗಸನ್ನು ಬರೆಯುವುದು ನನಗೆ ಬೇಕಿರಲಿಲ್ಲ. ನೋಡಿದ ಕೂಡಲೇ ಮನೆಯವರಿಗೆ ಅವರೇ ಅಂತ ಗೊತ್ತಾಗಬೇಕಿತ್ತು. ಕೇಳಿದಾಗ ಚಿಕ್ಕಮ್ಮ ಒಪ್ಪಿದರು. "ಕೆಲಸದ ಬಟ್ಟೆಯಲ್ಲೇ ತೆಗಿ ಮಗ, ಹಬ್ಬದ ಸೀರೆಯಲ್ಲಿ ಯಾರು ಹಣ್ಣು ಬಿಡಿಸ್ತಾರೆ" ಅಂದರು.

ಮೊದಲ ಫೋಟೋ ತೋಟದ ಒಳಗೇ ತೆಗೆದೆ. ಅದು ಕೆಲಸಕ್ಕೆ ಬರಲಿಲ್ಲ. ಸಿಲ್ವರ್ ಮರದ ನೆರಳಲ್ಲಿ ಮೈಬಣ್ಣಕ್ಕೂ ಎಲೆಯ ಹಸಿರು ಅಂಟಿಕೊಂಡಿತ್ತು. ಹತ್ತಿರದಿಂದ ತೆಗೆದಿದ್ದರಿಂದ ತಲೆ ದೊಡ್ಡದು, ಕಾಲು ಗಿಡ್ಡ ಆಗಿ ಬಂತು. ಎರಡನೇ ಸಲ ಮೋಡ ಇದ್ದ ದಿನ ಕಣದಲ್ಲಿ ನಿಲ್ಲಿಸಿದೆ. ದೂರ ನಿಂತು ಜೂಮ್ ಮಾಡಿ, ಫೋನನ್ನು ಅವರ ಸೊಂಟದ ಮಟ್ಟಕ್ಕೆ ಹಿಡಿದು ನಾಲ್ಕು ಫೋಟೋ ತೆಗೆದೆ: ಮುಂದೆ, ಹಿಂದೆ, ಎಡ, ಬಲ. ಆಮೇಲೆ ಕಣದ ಈ ತುದಿಯಿಂದ ಆ ತುದಿಗೆ ನಡೆಯಲು ಹೇಳಿ ಅರ್ಧ ನಿಮಿಷ ವಿಡಿಯೋನೂ ತೆಗೆದೆ. ಕೊನೆಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆ ವಿಡಿಯೋ.

ನನ್ನ ಗೇಮ್‌ನ ಪರದೆ 320×180. ಅದನ್ನು 6 ಪಟ್ಟು ಹಿಗ್ಗಿಸಿದರೆ ಸರಿಯಾಗಿ 1920×1080 ಆಗುತ್ತದೆ. ಪಾತ್ರದ ಒಂದು ಚೌಕ 32×48, ಅದರೊಳಗೆ ಚಿಕ್ಕಮ್ಮನ ಎತ್ತರ 42. ಫೋಟೋವನ್ನೇ ಆ ಅಳತೆಗೆ ಕುಗ್ಗಿಸಿ ಮೇಲೆ ತಿದ್ದಿದರೆ ಸಾಕು ಅಂದುಕೊಂಡು ಒಂದು ಸಂಜೆ ಅದನ್ನೇ ಮಾಡಿದೆ. ಬಂದಿದ್ದು ಕಂದು ಬಣ್ಣದ ಕೆಸರು. ಫೋಟೋದಲ್ಲಿ 2,400 ಪಿಕ್ಸೆಲ್ ಎತ್ತರ ಇದ್ದವರು 42ಕ್ಕೆ ಇಳಿದಾಗ ಒಂದೊಂದು ಚುಕ್ಕಿಯೂ ಸುಮಾರು 3,000 ಪಿಕ್ಸೆಲ್‌ಗಳ ಸರಾಸರಿ ಆಗಿಬಿಡುತ್ತದೆ. ಕಣ್ಣು, ಮೂಗುತಿ, ಅಂಗಿಯ ಅಂಚು ಎಲ್ಲ ಪಕ್ಕದ ಬಣ್ಣದಲ್ಲಿ ಕರಗಿ ಹೋಗುತ್ತವೆ.

ಹಾಗಾಗಿ ಆಸೆಪ್ರೈಟ್ ಅನ್ನುವ ಪಿಕ್ಸೆಲ್ ಚಿತ್ರ ಬರೆಯುವ ತಂತ್ರಾಂಶದಲ್ಲಿ ಫೋಟೋವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಖಾಲಿ ಚೌಕದಿಂದ ಶುರು ಮಾಡಿದೆ. ಮೊದಲು ಒಂದೇ ಕಪ್ಪು ಬಣ್ಣದಲ್ಲಿ ಆಕಾರ ಮಾತ್ರ. ಮುಖವೇ ಇಲ್ಲದೆ ಚಿಕ್ಕಮ್ಮನನ್ನು ಗುರುತಿಸುವುದು ಹೇಗೆ ಅಂತ ಫೋಟೋಗಳನ್ನು ತುಂಬ ಹೊತ್ತು ನೋಡಿದೆ. ಮೂರು ವಿಷಯ ಸಿಕ್ಕಿತು: ತಲೆಗೆ ಸುತ್ತಿ ಹಿಂದೆ ಗಂಟು ಹಾಕಿದ ವಸ್ತ್ರ, ಸೀರೆ ಮೇಲೆ ಹಾಕಿಕೊಂಡ ಚಿಕ್ಕಪ್ಪನ ಹಳೆಯ ತುಂಬುತೋಳಿನ ಅಂಗಿ, ಸೊಂಟದ ಎಡಗಡೆ ಕಟ್ಟಿದ ಹಣ್ಣಿನ ಚೀಲ. ಜೊತೆಗೆ ಸ್ವಲ್ಪ ಮುಂದಕ್ಕೆ ಬಾಗಿದ ಬೆನ್ನು. ಮನುಷ್ಯರ ನಿಜವಾದ ಅಳತೆಯಲ್ಲಿ ತಲೆ 6 ಪಿಕ್ಸೆಲ್ ಆಗಬೇಕಿತ್ತು, ಆದರೆ ಅಷ್ಟರಲ್ಲಿ ವಸ್ತ್ರದ ಗಂಟು ತೋರಿಸಲು ಜಾಗವೇ ಇಲ್ಲ. ತಲೆಯನ್ನು 11 ಮಾಡಿದೆ. ಗಂಟು ಹಿಂದಕ್ಕೆ 2 ಪಿಕ್ಸೆಲ್ ಚಾಚಿತು, ಚೀಲ ಪಕ್ಕಕ್ಕೆ 4. ಆ ಕಪ್ಪು ಆಕಾರವನ್ನು ತಂಗಿಗೆ ತೋರಿಸಿದೆ. ಏನೂ ಹೇಳದೆ ಕೊಟ್ಟರೂ "ಚಿಕ್ಕಮ್ಮ ಅಲ್ವಾ" ಅಂದಳು. ಅಲ್ಲಿಯವರೆಗೆ ನಾನು ಬಣ್ಣ ಮುಟ್ಟಲಿಲ್ಲ.

ಬಣ್ಣವನ್ನು ಫೋಟೋದಿಂದ ನೇರವಾಗಿ ಎತ್ತಬಾರದು, ಎಲ್ಲವೂ ಮಂಕಾಗುತ್ತದೆ. ಮೈ, ಅಂಗಿ, ಸೀರೆ, ವಸ್ತ್ರ, ಚೀಲ ಪ್ರತಿಯೊಂದಕ್ಕೂ ಒಂದು ನಡು ಬಣ್ಣ ಆರಿಸಿ, ಅದಕ್ಕೊಂದು ನೆರಳು, ಬೇಕಾದ ಕಡೆ ಒಂದು ಬೆಳಕು ಕೊಟ್ಟೆ. ಒಟ್ಟು 14 ಬಣ್ಣ. ವಸ್ತ್ರ ನಿಜವಾಗಿ ಕೆಂಪು ಚೌಕುಳಿಯದು, ಅದನ್ನು ಹಾಗೇ ಬರೆದರೆ ನಡೆಯುವಾಗ ಚುಕ್ಕಿಗಳು ಮಿಣಮಿಣ ಅನ್ನುತ್ತಿದ್ದವು. ಬರೀ ಕೆಂಪು ಮಾಡಿ ಅಂಚಿಗೆ ಒಂದು ಗಾಢ ಗೆರೆ ಇಟ್ಟೆ. ಫೋಟೋದ ಸೀರೆ ಹಸಿರು. ಕಾಫಿ ಗಿಡದ ಮುಂದೆ ನಿಲ್ಲಿಸಿದರೆ ಸೊಂಟದ ಕೆಳಗೆ ಚಿಕ್ಕಮ್ಮ ಮಾಯ. ಅವರನ್ನೇ ಕೇಳಿದೆ. "ಅರಿಶಿನ ಬಣ್ಣದ್ದು ಒಂದಿತ್ತಲ್ಲ, ಅದು ಹಾಕು" ಅಂದರು. ಎಲೆಯ ಹಸಿರಿನಲ್ಲೂ ಹಣ್ಣಿನ ಕೆಂಪಿನಲ್ಲೂ ಅದು ಚೆನ್ನಾಗಿ ಎದ್ದು ಕಂಡಿತು.

ನಡಿಗೆಗೆ ಒಂದು ದಿಕ್ಕಿಗೆ 6 ಚಿತ್ರ, ನಾಲ್ಕು ದಿಕ್ಕಿಗೆ ನಾಲ್ಕು ಸಾಲು. ಎಲ್ಲವನ್ನೂ ಒಟ್ಟಿಗೆ ಜೋಡಿಸಿದ ಶೀಟ್ 192×192 ಆಗುತ್ತದೆ. ಸೀರೆಯಲ್ಲಿ ಕಾಲು ಕಾಣುವುದಿಲ್ಲ, ಹೆಜ್ಜೆಯನ್ನು ಸೀರೆಯ ಅಂಚೇ ಹೇಳಬೇಕು. ಪಾದ ಊರಿದಾಗ ಅಂಚು ಮುಂದಕ್ಕೆ ಚೂಪಾಗುತ್ತದೆ, ಭಾರ ಬಿದ್ದಾಗ ಇಡೀ ಮೈ 1 ಪಿಕ್ಸೆಲ್ ಇಳಿಯುತ್ತದೆ, ಕಾಲು ಹಾದು ಹೋಗುವಾಗ ಅಂಚು ನೇರ ಆಗುತ್ತದೆ. ಮತ್ತೆ ಇನ್ನೊಂದು ಕಾಲಿಗೆ ಅದೇ ಮೂರು. ಗೇಮ್‌ನಲ್ಲಿ ಹಾಕಿದರೆ ಚಿಕ್ಕಮ್ಮ ಮಂಜುಗಡ್ಡೆ ಮೇಲೆ ಜಾರಿದ ಹಾಗೆ ಹೋದರು. ನಾನು ವೇಗ ಸೆಕೆಂಡಿಗೆ 60 ಪಿಕ್ಸೆಲ್ ಇಟ್ಟಿದ್ದೆ. ಆದರೆ ಚಿತ್ರದಲ್ಲಿ ಒಂದು ಹೆಜ್ಜೆ 10 ಪಿಕ್ಸೆಲ್, ಎರಡು ಹೆಜ್ಜೆಗೆ 20. ಒಂದೊಂದು ಚಿತ್ರ 120 ಮಿಲಿಸೆಕೆಂಡ್ ಇದ್ದರೆ ಆರಕ್ಕೆ 0.72 ಸೆಕೆಂಡ್. ಅಂದರೆ ನಿಜವಾದ ವೇಗ ಸೆಕೆಂಡಿಗೆ 28ರ ಹತ್ತಿರ. ಅಷ್ಟೇ ಇಟ್ಟೆ, ಪಾದ ನೆಲಕ್ಕೆ ಅಂಟಿತು. ವಿಡಿಯೋದಲ್ಲಿನ ಅವರ ನಿಧಾನ ನಡಿಗೆಗೂ ಅದು ಹೊಂದಿತು.

ಇನ್ನೊಂದು ಕಾಟ ಬಂದಿದ್ದು ಶೀಟ್ ಹೊರಗೆ ತೆಗೆಯುವಾಗ. ಖಾಲಿ ಜಾಗ ಕತ್ತರಿಸುವ ಆಯ್ಕೆ ಆನ್ ಆಗಿತ್ತು. ಒಂದೊಂದು ಚಿತ್ರ ಒಂದೊಂದು ಅಗಲ ಆಗಿ, ನಡೆದರೆ ಮೈ ಅದುರುತ್ತಿತ್ತು. ಈಗ ಯಾವಾಗಲೂ ಹೀಗೇ ತೆಗೆಯುತ್ತೇನೆ:

```
aseprite -b chikkamma.aseprite --sheet chikkamma.png --sheet-type rows --sheet-columns 6
```

ಗೇಮ್ ಕಟ್ಟುತ್ತಿರುವ ಗೋಡೋ ಎಂಜಿನ್‌ನಲ್ಲಿ `Hframes` 6, `Vframes` 4, `Filter` ಜಾಗದಲ್ಲಿ `Nearest`. ಆ ಕೊನೆಯದು ಬಿಟ್ಟರೆ ಚಿತ್ರ ಮಸುಕಾಗುತ್ತದೆ.

ಇಷ್ಟೆಲ್ಲ ಆದಮೇಲೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಚಿಕ್ಕಮ್ಮನಿಗೆ ತೋರಿಸಿದೆ. ಎಡಕ್ಕೆ ನಡೆಸಿದರು, ಬಲಕ್ಕೆ ನಡೆಸಿದರು. ಮತ್ತೆ ಎಡಕ್ಕೆ. "ಮಗ, ನನ್ನ ಚೀಲ ಬಲಗಡೆ ಯಾವಾಗ ಹೋಯ್ತು?" ಅಂದರು. ಕೆಲಸ ಉಳಿಸಲು ನಾನು ಎಡಕ್ಕೆ ನಡೆಯುವ ಸಾಲನ್ನು ಮಾತ್ರ ಬರೆದು, ಅದನ್ನೇ ಕನ್ನಡಿಯ ಹಾಗೆ ತಿರುಗಿಸಿ ಬಲದ ಸಾಲು ಮಾಡಿದ್ದೆ. ಎಷ್ಟೋ ಗೇಮ್‌ಗಳಲ್ಲಿ ಹಾಗೇ ಮಾಡುತ್ತಾರೆ, ಎರಡೂ ಪಕ್ಕ ಒಂದೇ ಥರ ಇರುವ ಪಾತ್ರಕ್ಕೆ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಚೀಲ ಇಲ್ಲದಿದ್ದರೂ ಸೀರೆ ಉಟ್ಟ ಯಾವ ಪಾತ್ರಕ್ಕೂ ಇದೇ ತೊಂದರೆ, ಸೆರಗು ಸಾಮಾನ್ಯವಾಗಿ ಎಡ ಭುಜದ ಮೇಲಿರುತ್ತದೆ, ತಿರುಗಿಸಿದ ಕೂಡಲೇ ಬಲಕ್ಕೆ ಹೋಗುತ್ತದೆ.

ಬಲದ ಸಾಲನ್ನು ಬಲಗಡೆಯ ಫೋಟೋ ಇಟ್ಟುಕೊಂಡು ಹೊಸದಾಗಿ ಬರೆದೆ. ಆ ಕಡೆಯಿಂದ ಚೀಲ ಮೈಯ ಹಿಂದೆ ಮರೆಯಾಗಿ, ಹೊಟ್ಟೆಯ ಮುಂದೆ 2 ಪಿಕ್ಸೆಲ್ ಮಾತ್ರ ಇಣುಕುತ್ತದೆ. ಎದ್ದು ಕಾಣುವುದು ಅಂಗಿಯ ತೋಳು. ಚೀಲವನ್ನು ಬೇರೆ ಲೇಯರ್‌ಗೆ ಹಾಕಿದ್ದು ಆಗಲೇ. ಈಗ ಅದಕ್ಕೆ ಖಾಲಿ, ಅರ್ಧ, ತುಂಬಿದ್ದು ಅಂತ ಮೂರು ರೂಪ ಇದೆ. ತುಂಬಿದ ಚೀಲಕ್ಕೆ ಬೆನ್ನನ್ನು ಬಲಕ್ಕೆ ಒಂದು ಪಿಕ್ಸೆಲ್ ವಾಲಿಸಿದ್ದೇನೆ. ಭಾರ ಹೊತ್ತಾಗ ಹಾಗೆ ವಾಲಬೇಕು ಅಂತ ಚಿಕ್ಕಮ್ಮ ಕಣದಲ್ಲಿ ನಡೆದೇ ತೋರಿಸಿದ್ದರು.