ಅಡುಗೆಮನೆಯಲ್ಲಿ ನಡೆಯುವ ಮಾತಿಗೆ ಶಬ್ದದ ಯೋಜನೆ

ಹನ್ನೆರಡು ನಿಮಿಷದ ಕಿರುಚಿತ್ರ. ಬೆಂಗಳೂರಿನ ಒಂದು ಹಳೆಯ ಮನೆಯ ಅಡುಗೆಮನೆಯಲ್ಲಿ ತಾಯಿ-ಮಗನ ಮಾತೇ ಬಹುಪಾಲು. ಚಿತ್ರಕಥೆಯಲ್ಲಿ ಸದ್ದು ಬರುವ ಕಡೆಗಳಿಗೆಲ್ಲ ನಾನು ಎರಡು ಬಣ್ಣದಲ್ಲಿ ಗುರುತು ಹಾಕಿದೆ: ಶೂಟಿಂಗ್‌ನಲ್ಲೇ ಹಿಡಿಯಬೇಕಾದದ್ದು, ಆಮೇಲೆ ಸೇರಿಸಬಹುದಾದದ್ದು. ಮೊದಲನೆಯದರಲ್ಲಿ ಉಳಿದದ್ದು ಮಾತು ಮತ್ತು ಉಸಿರು ಮಾತ್ರ. ಮಾತಿನ ಮೇಲೇ ಬಿದ್ದ ಲೋಟದ ಸದ್ದನ್ನು ಚೊಕ್ಕಟವಾಗಿ ಬಿಡಿಸುವುದು ಬಹಳ ಕಷ್ಟ. ಹಾಗಾಗಿ ಲೋಟ ಇಡುವಲ್ಲಿ ದಪ್ಪ ಬಟ್ಟೆ ಹಾಸಿದೆವು, ಒಗ್ಗರಣೆಯನ್ನು ಒಲೆ ಹಚ್ಚದೆ ನಟಿಸಿದರು. ಫ್ಯಾನ್, ಚಿಮಣಿ, ಫ್ರಿಜ್ ಎಲ್ಲ ಬಂದ್. ಫ್ರಿಜ್ ಮತ್ತೆ ಹಾಕುವುದು ಮರೆಯದಿರಲೆಂದು ಗಾಡಿಯ ಕೀಯನ್ನು ಅದರೊಳಗೇ ಇಟ್ಟಿದ್ದೆ.

ಟೈಲ್ಸ್ ಗೋಡೆಯ ಸಣ್ಣ ಕೋಣೆಯಲ್ಲಿ ಉದ್ದನೆಯ ಶಾಟ್‌ಗನ್ ಮೈಕ್ ಹಿತವಲ್ಲ. ಗೋಡೆಗೆ ಬಡಿದು ಪಕ್ಕದಿಂದ ಬರುವ ಪ್ರತಿಧ್ವನಿ ಅದರಲ್ಲಿ ವಿಕಾರವಾಗಿ, ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಹೈಪರ್‌ಕಾರ್ಡಿಯಾಯ್ಡ್ ಮೈಕನ್ನು ಬೂಮ್ ಎಂಬ ಉದ್ದ ಕೋಲಿಗೆ ಕಟ್ಟಿ, ತಲೆಯ ಮೇಲಿಂದ ಸುಮಾರು ಎರಡು ಅಡಿ ದೂರದಲ್ಲಿ ಹಿಡಿದೆವು. ಫ್ರೇಮಿನ ಆಚೆಯ ಕಟ್ಟೆಗೆಲ್ಲ ಕಂಬಳಿ ಹೊದಿಸಿದೆವು.

ಹೆಚ್ಚು ಕಾಳಜಿ ಬೇಕಾದದ್ದು ರೂಮ್ ಟೋನ್‌ಗೆ, ಅಂದರೆ ಯಾರೂ ಮಾತಾಡದಾಗ ಕೋಣೆಯಲ್ಲಿ ಉಳಿಯುವ ಸದ್ದಿಗೆ. ದೃಶ್ಯಕ್ಕೊಂದು ಸಾಲದು, ಕ್ಯಾಮೆರಾ ಕೋನ ಬದಲಾದಾಗಲೆಲ್ಲ ಒಂದು ಬೇಕು. ಏಕೆಂದರೆ ಕೋನದ ಜೊತೆ ಬೂಮಿನ ದಿಕ್ಕೂ ಬದಲಾಗುತ್ತದೆ. ಲೈಟ್ ಆರಿಸುವ ಮೊದಲೇ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಮೈಕನ್ನೂ ರೆಕಾರ್ಡಿಂಗ್ ಮಟ್ಟವಾದ ಗೇನನ್ನೂ ಕದಲಿಸದೆ ಒಂದು ನಿಮಿಷ ರೆಕಾರ್ಡ್ ಮಾಡಿದೆ. ಮೊದಲ ಹತ್ತು ಸೆಕೆಂಡ್ ಹೆಜ್ಜೆ, ಬಟ್ಟೆಯ ಸದ್ದಿನಲ್ಲೇ ಹೋಗುತ್ತದೆ.

ಇದರ ಪ್ರಯೋಜನ ಎಡಿಟ್‌ನಲ್ಲಿ ಕಂಡಿತು. ತಾಯಿಯ ಶಾಟ್‌ನಲ್ಲಿ ಮೈಕ್ ಕಿಟಕಿಯ ಕಡೆಗಿತ್ತು, ಮಗನ ಶಾಟ್‌ನಲ್ಲಿ ಗೋಡೆಯ ಕಡೆಗೆ. ಕಣ್ಣು ಮುಚ್ಚಿ ಕೇಳಿದರೆ ಪ್ರತಿ ಕಟ್‌ನಲ್ಲೂ ಬೀದಿಯ ಮೊರೆತ ಏರಿ ಇಳಿಯುತ್ತಿತ್ತು. ಗದ್ದಲದ ಶಾಟನ್ನು ನಿಶ್ಶಬ್ದ ಮಾಡಹೊರಟರೆ ದನಿಯೇ ಕೆಡುತ್ತದೆ. ಅದರ ಬದಲು ಕಿಟಕಿ ಕಡೆಯ ಟೋನನ್ನು ಮಗನ ಮಾತಿನ ಕೆಳಗೂ ಹಾಸಿ, ಪ್ರತಿ ಜೋಡಣೆಯಲ್ಲಿ ಒಂದು ಸದ್ದು ಇಳಿಯುತ್ತ ಇನ್ನೊಂದು ಏರುವಂತೆ ಕೆಲವು ಫ್ರೇಮ್ ಕ್ರಾಸ್‌ಫೇಡ್ ಕೊಟ್ಟೆ.

ಹೊರಗಿನ ಆಂಬಿಯನ್ಸನ್ನು, ಅಂದರೆ ಬೀದಿಯ ಹಿನ್ನೆಲೆ ಸದ್ದನ್ನು, ಅದೇ ಕಿಟಕಿಯಲ್ಲಿ, ಕಥೆ ನಡೆಯುವ ಹೊತ್ತಿಗೇ, ಐದು ನಿಮಿಷ ಸ್ಟೀರಿಯೋದಲ್ಲಿ ಹಿಡಿದೆ. ಅದರಲ್ಲಿ ತರಕಾರಿಯವನ ಕೂಗು, ಕುಕ್ಕರ್ ಸೀಟಿ ಇದ್ದ ಭಾಗ ಕತ್ತರಿಸಿ ಬೇರೆ ಇಟ್ಟೆ. ಅಂಥ ಸದ್ದು ಎರಡನೇ ಸಲ ಬಂದರೆ ಲೂಪ್ ಎಂದು ತಕ್ಷಣ ಗೊತ್ತಾಗುತ್ತದೆ. ಕುಕ್ಕರ್ ಸೀಟಿಯನ್ನು ತಾಯಿ ಉತ್ತರಿಸದೆ ಸುಮ್ಮನಾಗುವ ಕಡೆ ಒಮ್ಮೆ ಮಾತ್ರ ಬಳಸಿದೆ.

ಫೋಲಿಯನ್ನೂ, ಅಂದರೆ ಚಿತ್ರಕ್ಕೆ ಹೊಂದುವಂತೆ ಆಮೇಲೆ ಮಾಡಿ ಸೇರಿಸುವ ಸದ್ದುಗಳನ್ನೂ, ಅದೇ ಅಡುಗೆಮನೆಯಲ್ಲಿ, ಅದೇ ಪಾತ್ರೆಗಳಲ್ಲಿ ಮಾಡಿದೆವು. ಮೈಕನ್ನು ಲೋಟದ ಬಾಯಿಗೇ ಹಿಡಿದರೆ ಸದ್ದು ಕಿವಿಯೊಳಗೇ ಆದಂತಿರುತ್ತದೆ, ಬೂಮಿನಷ್ಟೇ ದೂರ ಇರಬೇಕು. ಲೋಟ ತುಂಬುತ್ತ ಹೋದಂತೆ ನೀರಿನ ಸ್ವರ ಏರುತ್ತದೆ, ಆದ್ದರಿಂದ ಚಿತ್ರದಲ್ಲಿ ಕಾಣುವಷ್ಟೇ ನೀರು ಸುರಿಯಬೇಕು. ಸಾಸಿವೆ ಚಟಪಟ ಬೇಗ ಮುಗಿಯುವುದರಿಂದ ಹಲವು ಒಗ್ಗರಣೆ ಹಾಕಿ ಹಿಡಿದೆವು.

ಬೇರೆಯಾಗಿ ಹಿಡಿದ ಫ್ರಿಜ್‌ನ ಗುಂಯ್‌ಗುಡುವಿಕೆಯನ್ನು ಕೊನೆಗೆ ಇಡೀ ದೃಶ್ಯದಡಿ ತೆಳ್ಳಗೆ ಹರಿಸಿದೆ. ಫೋನ್ ಸ್ಪೀಕರ್‌ನಲ್ಲಿ ಅದು ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಹಾಗಾಗಿ ಮಾತಿಲ್ಲದ ಜಾಗ ತುಂಬಲು ಅದೊಂದನ್ನೇ ನಂಬದೆ, ಬೀದಿಯ ಪದರವನ್ನೂ ಉಳಿಸಿಕೊಂಡೆ.