ರಾಜಾಸೀಟಿನ ಗೇಟಿನಲ್ಲಿ ಕಾಲು ಗಂಟೆ: ಭೇಟಿಯ ಲೆಕ್ಕವನ್ನು ಚೌಕದಲ್ಲಿ ಬಿಡಿಸಿದ ಬಗೆ

ಬೋಪಣ್ಣ ವಿರಾಜಪೇಟೆಯಿಂದ ಮೂರ್ನಾಡಿನ ಮೇಲೆ ಬರುತ್ತಾನೆ, ಅಚ್ಚಯ್ಯ ಸೋಮವಾರಪೇಟೆಯಿಂದ ಮಾದಾಪುರದ ಮೇಲೆ. ಸಂಜೆ 4ರಿಂದ 5ರೊಳಗೆ ಮಡಿಕೇರಿಯ ರಾಜಾಸೀಟಿನ ಗೇಟಿನ ಹತ್ತಿರ ಸಿಗೋಣ ಎಂದು ಮಾತಾಗಿದೆ. ಬಸ್ಸು ಯಾವಾಗ ತಲುಪುತ್ತದೆಂದು ಇಬ್ಬರಿಗೂ ಗೊತ್ತಿಲ್ಲ, ಆ ಒಂದು ಗಂಟೆಯ ಯಾವ ಕ್ಷಣದಲ್ಲಾದರೂ ಬರಬಹುದು. "ಕಾಲು ಗಂಟೆ ಕಾಯ್ತೇನೆ ಮಾರಾಯ, ಅಷ್ಟರಲ್ಲಿ ನೀನು ಬರದಿದ್ದರೆ ಹೊರಟುಬಿಡ್ತೇನೆ" ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿದ್ದಾರೆ. ಫೋನ್ ಮಾಡುವಂತಿಲ್ಲ. ಅವರು ಭೇಟಿಯಾಗುವ ಸಂಭವನೀಯತೆ ಎಷ್ಟು?

ಈ ಲೆಕ್ಕವನ್ನು ನಾನು ಸೂತ್ರದಿಂದ ಶುರುಮಾಡುವುದಿಲ್ಲ, ಗ್ರಾಫ್ ಹಾಳೆಯಿಂದ ಶುರುಮಾಡುತ್ತೇನೆ. ಒಂದು ನಿಮಿಷಕ್ಕೆ 2 ಮಿಲಿಮೀಟರ್ ಹಿಡಿದರೆ ಒಂದು ಗಂಟೆಗೆ 12 ಸೆಂಟಿಮೀಟರ್ ಆಗುತ್ತದೆ. ಅಷ್ಟು ಬದಿಯ ಚೌಕ ಬರೆದುಕೊಳ್ಳಬೇಕು. ಕೆಳಗಿನ ಅಂಚು ಬೋಪಣ್ಣ ಬಂದ ಸಮಯ, ಎಡಗಡೆಯ ಅಂಚು ಅಚ್ಚಯ್ಯ ಬಂದ ಸಮಯ. ಎಡಗಡೆಯ ಕೆಳಮೂಲೆ ಎಂದರೆ ಇಬ್ಬರಿಗೂ 4 ಗಂಟೆ.

ಈಗ ಒಂದು ಸಂಜೆ ಎಂದರೆ ಚೌಕದೊಳಗಿನ ಒಂದು ಚುಕ್ಕೆ. ಬೋಪಣ್ಣ 4:10ಕ್ಕೆ, ಅಚ್ಚಯ್ಯ 4:40ಕ್ಕೆ ಬಂದರೆ ಬಲಕ್ಕೆ 2 ಸೆಂಟಿಮೀಟರ್, ಮೇಲಕ್ಕೆ 8 ಸೆಂಟಿಮೀಟರ್ ಹೋಗಿ ಚುಕ್ಕೆ ಇಡಬೇಕು. 30 ನಿಮಿಷ ಅಂತರವಿದೆ, ಆ ದಿನ ಭೇಟಿ ತಪ್ಪಿತು. ಬೋಪಣ್ಣ 4:35ಕ್ಕೆ, ಅಚ್ಚಯ್ಯ 4:22ಕ್ಕೆ ಬಂದರೆ ಚುಕ್ಕೆ ಬಲಕ್ಕೆ 7, ಮೇಲಕ್ಕೆ 4.4 ಸೆಂಟಿಮೀಟರ್‌ನಲ್ಲಿ ಬೀಳುತ್ತದೆ. ಅಂತರ 13 ನಿಮಿಷ, ಸಿಕ್ಕಿದರು. ಇಂಥ ಹತ್ತು ಹನ್ನೆರಡು ಚುಕ್ಕೆಗಳನ್ನು ಎರಡು ಬಣ್ಣದಲ್ಲಿ ಇಟ್ಟು ನೋಡಿದರೆ, ಸಿಕ್ಕ ದಿನಗಳೆಲ್ಲ ಕರ್ಣದ ಅಕ್ಕಪಕ್ಕ ಸೇರಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಕರ್ಣದ ಮೇಲೆ ಇಬ್ಬರೂ ಒಂದೇ ಕ್ಷಣಕ್ಕೆ ಬಂದಿರುತ್ತಾರೆ, ಅದರಿಂದ ದೂರ ಹೋದಷ್ಟೂ ಅಂತರ ಹೆಚ್ಚು.

ಆ ಗುಂಪಿನ ಗಡಿಯನ್ನು ಎರಡು ಗೆರೆಗಳು ಹಾಕುತ್ತವೆ. ಬೋಪಣ್ಣ ಸರಿಯಾಗಿ 4ಕ್ಕೆ ಬಂದರೆ 4:15ರವರೆಗೆ ಕಾಯುತ್ತಾನೆ. ಆದ್ದರಿಂದ ಮೇಲಿನ ಗೆರೆ ಎಡ ಅಂಚಿನಲ್ಲಿ 3 ಸೆಂಟಿಮೀಟರ್ ಎತ್ತರದಿಂದ ಹೊರಟು, ಕರ್ಣಕ್ಕೆ ಸಮಾನಾಂತರವಾಗಿ ಏರಿ, ಮೇಲಿನ ಅಂಚನ್ನು 9 ಸೆಂಟಿಮೀಟರ್‌ನಲ್ಲಿ ಮುಟ್ಟುತ್ತದೆ. ಅಚ್ಚಯ್ಯ ಮೊದಲು ಬಂದ ದಿನಗಳ ಗೆರೆ ಕೆಳಗಿನ ಅಂಚಿನ 3 ಸೆಂಟಿಮೀಟರ್‌ನಿಂದ ಹೊರಟು ಬಲ ಅಂಚಿನ 9 ಸೆಂಟಿಮೀಟರ್ ಎತ್ತರಕ್ಕೆ ಸೇರುತ್ತದೆ. ಈ ಎರಡು ಗೆರೆಗಳ ನಡುವಿನ ಓರೆ ಪಟ್ಟಿಯೇ ಭೇಟಿಯ ಜಾಗ. ಹೆಚ್ಚಾಗಿ ತಪ್ಪಾಗುವುದು ಎರಡನೆಯ ಗೆರೆ ಮರೆತಾಗ. ಒಂದೇ ಗೆರೆ ಹಾಕಿದರೆ, ಮೊದಲು ಬಂದವನು ಬೋಪಣ್ಣನಾದರೆ ಕಾಲು ಗಂಟೆ ಕಾದು ಹೋಗುತ್ತಾನೆ, ಅಚ್ಚಯ್ಯನಾದರೆ ಎಷ್ಟು ಹೊತ್ತಾದರೂ ಕೂತಿರುತ್ತಾನೆ ಎಂದಾಗುತ್ತದೆ.

ಪಟ್ಟಿಯ ವಿಸ್ತೀರ್ಣವನ್ನು ನೇರವಾಗಿ ಅಳೆಯಲು ಹೋಗಬಾರದು. ಅದಕ್ಕೆ ಆರು ಮೂಲೆ, ಸುಮ್ಮನೆ ತಲೆನೋವು. ಹೊರಗೆ ಉಳಿದ ಎರಡು ತ್ರಿಭುಜಗಳನ್ನು ಕತ್ತರಿಯಿಂದ ಕತ್ತರಿಸಿ, ಓರೆ ಬದಿಗೆ ಓರೆ ಬದಿ ತಾಗುವಂತೆ ಜೋಡಿಸಿ. 9 ಸೆಂಟಿಮೀಟರ್ ಬದಿಯ ಅಚ್ಚುಕಟ್ಟಾದ ಚೌಕ ಆಗುತ್ತದೆ. ಅದು 81 ಚದರ ಸೆಂಟಿಮೀಟರ್, ಇಡೀ ಚೌಕ 144. ಪಟ್ಟಿಗೆ ಉಳಿದದ್ದು 63. ನಿಮಿಷಗಳಲ್ಲಿ ಬರೆದರೂ ಅದೇ ಲೆಕ್ಕ:

```
1 - (45/60)^2 = 1 - 9/16 = 7/16 = 0.4375
```

ನೂರು ಸಂಜೆಗಳಲ್ಲಿ ಸುಮಾರು 44 ಸಂಜೆ ಸಿಗುತ್ತಾರೆ. ವಿಸ್ತೀರ್ಣವನ್ನು ಸಂಭವನೀಯತೆಯಾಗಿ ಓದುವ ಈ ದಾರಿ ಹಳೆಯದು, ಫ್ರಾನ್ಸಿನ ಬಫನ್ ತನ್ನ ಸೂಜಿ ಎಸೆಯುವ ಲೆಕ್ಕವನ್ನು ಅಚ್ಚುಹಾಕಿಸಿದ್ದು 1777ರಲ್ಲಿ.

ಉತ್ತರ ಕಂಡಮೇಲೆ ಒಂದು ಪ್ರಶ್ನೆ ಎದುರಾಗಲೇಬೇಕು. ಬೋಪಣ್ಣನಿಗಿಂತ 15 ನಿಮಿಷ ಮೊದಲು ಬಂದರೂ ಸರಿ, 15 ನಿಮಿಷ ತಡವಾಗಿ ಬಂದರೂ ಸರಿ. ಹಾಗಾದರೆ 60ರಲ್ಲಿ 30 ನಿಮಿಷ ಸಿಕ್ಕಿತಲ್ಲ, ಉತ್ತರ ಅರ್ಧ ಯಾಕಲ್ಲ? ಅವನು 4:15ರಿಂದ 4:45ರೊಳಗೆ ಬಂದ ದಿನ ಆ ಮಾತು ನಿಜ. ಆದರೆ 4:05ಕ್ಕೆ ಬಂದರೆ ಅವನ ಹಿಂದೆ ಇರುವುದು ಐದೇ ನಿಮಿಷ. ಅಚ್ಚಯ್ಯನಿಗೆ 4ರಿಂದ 4:20ರವರೆಗೆ, ಅಂದರೆ 20 ನಿಮಿಷ ಮಾತ್ರ ಉಳಿಯುತ್ತದೆ. ಸರಿಯಾಗಿ 4ಕ್ಕೇ ಬಂದರೆ 15 ನಿಮಿಷ. ಗಂಟೆಯ ಮೊದಲ ಕಾಲು ಭಾಗದಲ್ಲೂ ಕೊನೆಯ ಕಾಲು ಭಾಗದಲ್ಲೂ ಸರಾಸರಿ ಸಿಗುವುದು 22.5 ನಿಮಿಷ. ನಡುವಿನ ಅರ್ಧ ಗಂಟೆಯ 30ನ್ನೂ ಇದನ್ನೂ ಸೇರಿಸಿ ಸರಾಸರಿ ತೆಗೆದರೆ 26.25, ಅದನ್ನು 60ರಿಂದ ಭಾಗಿಸಿದರೆ ಮತ್ತೆ 0.4375. ಚಿತ್ರದಲ್ಲಿ ಇದು ಪಟ್ಟಿಯ ಎರಡು ತುದಿಗಳಲ್ಲಿ ಚೌಕದ ಮೂಲೆ ಕತ್ತರಿಸಿದ ಭಾಗ. 5 ಗಂಟೆಯ ಮೇಲೂ ಕಾಯಬೇಕೇ ಎಂದು ಕೆಲವರು ಕೇಳುತ್ತಾರೆ. 4:55ಕ್ಕೆ ಬಂದವನು 5:10ರವರೆಗೆ ನಿಂತರೂ ಇನ್ನೊಬ್ಬ 5ರ ನಂತರ ಬರುವುದೇ ಇಲ್ಲ, ಹಾಗಾಗಿ ಉತ್ತರ ಬದಲಾಗದು.

ನನಗೆ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಜಾಗ ಗಡಿಗೆರೆ. ಅಂತರ ಸರಿಯಾಗಿ 15 ನಿಮಿಷವಾದರೆ ಸಿಕ್ಕರೋ ಇಲ್ಲವೋ? ವಿಸ್ತೀರ್ಣದ ಲೆಕ್ಕಕ್ಕೆ ಇದು ಪ್ರಶ್ನೆಯೇ ಅಲ್ಲ, ಗೆರೆಗೆ ವಿಸ್ತೀರ್ಣವಿಲ್ಲ. ಆದರೆ ಗಡಿಯಾರವನ್ನು ಇಡೀ ನಿಮಿಷಗಳಲ್ಲಿ ಓದಿ, 0ಯಿಂದ 59ರವರೆಗಿನ ನಿಮಿಷಗಳ 3600 ಜೋಡಿಗಳನ್ನು ಎಣಿಸಿದರೆ ವ್ಯತ್ಯಾಸ ಕಾಣುತ್ತದೆ. ಅಂತರ 15 ಇದ್ದ ಜೋಡಿಗಳನ್ನೂ ಸೇರಿಸಿಕೊಂಡರೆ 1620, ಅಂದರೆ 0.45. ಬಿಟ್ಟರೆ 1530, ಅಂದರೆ 0.425. ಗೆರೆಯ ಮೇಲೆ ನಿಂತ ಜೋಡಿಗಳು 90. ಅವುಗಳಲ್ಲಿ ಅರ್ಧದಷ್ಟನ್ನು ಮಾತ್ರ ಸೇರಿಸಿ, 1575 ಬರುತ್ತದೆ. 3600ರಿಂದ ಭಾಗಿಸಿದರೆ ಅದೇ 7/16. ಯಾರಾದರೂ ಕಂಪ್ಯೂಟರಿನಲ್ಲಿ ನಿಮಿಷಗಳನ್ನು ಪೂರ್ಣಸಂಖ್ಯೆಯಾಗಿ ತೆಗೆದುಕೊಂಡು ಪ್ರಯೋಗ ಮಾಡಿ "ನನಗೆ 0.45 ಬರುತ್ತಿದೆ" ಎಂದರೆ, ತಪ್ಪು ಹುಡುಕಬೇಕಾದದ್ದು ಇಲ್ಲೇ. ಸೆಕೆಂಡುಗಳಲ್ಲಿ ಎಣಿಸಿದರೆ ಆ ವ್ಯತ್ಯಾಸ ಬಹುತೇಕ ಮಾಯವಾಗುತ್ತದೆ.

ಕಾಯುವ ಹೊತ್ತನ್ನು ತಿರುಗಿಸಿ ಕೇಳುವುದೂ ಸುಲಭ. ಭೇಟಿಯಾಗುವ ಸಾಧ್ಯತೆ ಅರ್ಧಕ್ಕೆ ಅರ್ಧ ಆಗಬೇಕಾದರೆ ತ್ರಿಭುಜಗಳ ಚೌಕ ಇಡೀ ಚೌಕದ ಅರ್ಧವಿರಬೇಕು, ಅದರ ಬದಿ ಸುಮಾರು 42.4 ನಿಮಿಷ. ಕಾಯಬೇಕಾದದ್ದು ಸುಮಾರು 17 ನಿಮಿಷ 34 ಸೆಕೆಂಡು. ನೂರಕ್ಕೆ 90 ಬೇಕೆಂದರೆ 41 ನಿಮಿಷ ಕಾಯಬೇಕು.

ಇಷ್ಟೆಲ್ಲಾ ನಿಲ್ಲುವುದು ಎರಡು ಮಾತಿನ ಮೇಲೆ: ಗಂಟೆಯ ಎಲ್ಲ ಕ್ಷಣಗಳೂ ಸಮಾನ, ಮತ್ತು ಒಬ್ಬನ ಬರವು ಇನ್ನೊಬ್ಬನ ಬರವಿಗೆ ಸಂಬಂಧಿಸಿಲ್ಲ. ಇಬ್ಬರೂ ಕುಶಾಲನಗರದಿಂದಲೇ ಬರುವವರಾದರೆ ಎರಡನೆಯ ಮಾತು ಮುರಿಯುತ್ತದೆ. ಮಳೆಗಾಲದಲ್ಲಿ ಸುಂಟಿಕೊಪ್ಪದ ಹತ್ತಿರ ರಸ್ತೆಗೆ ಮರ ಬಿದ್ದರೆ ಇಬ್ಬರ ಬಸ್ಸೂ ತಡ. ಆಗ ಚುಕ್ಕೆಗಳು ಚೌಕದಲ್ಲಿ ಸಮವಾಗಿ ಹರಡದೆ ಕರ್ಣದ ಸುತ್ತ ದಟ್ಟವಾಗುತ್ತವೆ. ಬಸ್ಸುಗಳು ನಿಗದಿತ ಹೊತ್ತಿಗೇ ಬರುವ ದಿನ ಚುಕ್ಕೆಗಳು ಕೆಲವೇ ಜಾಗದಲ್ಲಿ ಗುಂಪಾಗುತ್ತವೆ, ಮೊದಲನೆಯ ಮಾತೂ ಹೋಯಿತು. ಆ ದಿನಗಳಿಗೆ ಪಟ್ಟಿ ಅದೇ, ಗೆರೆಗಳೂ ಅವೇ. ವಿಸ್ತೀರ್ಣ ಅಳೆಯುವುದರ ಬದಲು ಪಟ್ಟಿಯೊಳಗೆ ಬಿದ್ದ ಚುಕ್ಕೆಗಳನ್ನೇ ಎಣಿಸಬೇಕು.