ಇಲ್ಲಿ ಗಣತಿಯವರು ಬಾಗಿಲು ತಟ್ಟುವುದಿಲ್ಲ: ಫಿನ್ಲೆಂಡಿಗೆ ಹೊಸದಾಗಿ ಬಂದವರಿಗೆ

ನಮ್ಮೂರಲ್ಲಿ ಜನಗಣತಿ ಅಂದರೆ ಶಾಲೆಯ ಮೇಷ್ಟ್ರು ಚೀಲ ಹಾಕಿಕೊಂಡು ಮನೆಗೆ ಬರುತ್ತಿದ್ದರು. ಜಗಲಿಯಲ್ಲಿ ಕೂತು ಹೆಸರು, ವಯಸ್ಸು, ಓದು, ಮಾತೃಭಾಷೆ ಎಲ್ಲ ಬರೆದುಕೊಳ್ಳುತ್ತಿದ್ದರು. ಫಿನ್ಲೆಂಡಿನಲ್ಲಿ ನೀವು ಇಪ್ಪತ್ತು ವರ್ಷ ಇದ್ದರೂ ಹಾಗೆ ಯಾರೂ ಬರುವುದಿಲ್ಲ. 1990ರಿಂದ ಇಲ್ಲಿನ ಗಣತಿ ಪೂರ್ತಿ ಸರ್ಕಾರಿ ದಾಖಲೆಗಳಿಂದಲೇ ನಡೆಯುತ್ತದೆ. ಡೆನ್ಮಾರ್ಕ್ ಇದನ್ನು 1981ರಲ್ಲೇ ಮಾಡಿತ್ತು. ಪ್ರತಿ ವರ್ಷ ಡಿಸೆಂಬರ್ 31ಕ್ಕೆ ದಾಖಲೆಯಲ್ಲಿ ಏನಿದೆಯೋ ಅದೇ ಲೆಕ್ಕ. ಅಂದರೆ ಬಂದ ಹೊಸತರಲ್ಲಿ ಅವಸರದಲ್ಲಿ ತುಂಬಿದ ಫಾರ್ಮೇ ನಿಮ್ಮ ಗಣತಿ ಉತ್ತರ. ನೀವು ತಿದ್ದಿಸುವವರೆಗೆ ವರ್ಷ ವರ್ಷವೂ ಅದೇ ಉತ್ತರ ಎಣಿಕೆಯಾಗುತ್ತಿರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಜನಸಂಖ್ಯೆಯ ದಾಖಲೆ ಇಡುವ ಡಿವಿವಿ ಅನ್ನುವ ಸರ್ಕಾರಿ ಕಚೇರಿಯಿಂದ ಗುರುತಿನ ಸಂಖ್ಯೆ, ಅಂದರೆ ‘ಹೆತು’, ಸಿಕ್ಕ ಕೂಡಲೇ ನೀವು ಇಲ್ಲಿನ ಜನಸಂಖ್ಯೆಗೆ ಸೇರಿದಿರಿ ಅಂತಲ್ಲ. ಅದಕ್ಕೆ ‘ಕೊತಿಕುಂತ’ ಬೇಕು. ವಾಸದ ಪುರಸಭೆ ಅಂತ ಅರ್ಥ. (ಕೋತಿ ಕುಂತ ಹಾಗೆ ಕೇಳಿಸುತ್ತೆ, ಅಲ್ವಾ? ಒಮ್ಮೆ ಕೇಳಿದರೆ ಮರೆಯುವುದಿಲ್ಲ.) ತಾತ್ಕಾಲಿಕ ಪರ್ಮಿಟ್ ಇರುವವರು ಇಲ್ಲೇ ನೆಲೆಸುವ ಉದ್ದೇಶ ತೋರಿಸಬೇಕು. ಕನಿಷ್ಠ 2 ವರ್ಷದ ಕೆಲಸವೋ ಓದೋ ಇದ್ದರೆ ಅದು ಸುಲಭ. ಆರು ತಿಂಗಳ ಪ್ರಾಜೆಕ್ಟಿಗೆ ಬಂದವರ ಹತ್ತಿರ ಹೆತು ಇರುತ್ತದೆ, ಸಂಬಳ ಬರುತ್ತದೆ, ತೆರಿಗೆಯೂ ಕಟ್ಟುತ್ತಾರೆ. ಆದರೂ ಜನಸಂಖ್ಯೆಯಲ್ಲಿ ಅವರಿಲ್ಲ.

ಇನ್ನು ಆ ಫಾರ್ಮಿನಲ್ಲಿರುವ ಮಾತೃಭಾಷೆಯ ಜಾಗ. ನೆರೆಯ ಸ್ವೀಡನ್ನಿನ ದಾಖಲೆಯಲ್ಲಿ ಮಾತೃಭಾಷೆ ಇಲ್ಲ. ಅಲ್ಲಿ ಭಾರತದಲ್ಲಿ ಹುಟ್ಟಿದವರು ಎಷ್ಟು ಅಂತ ಹೇಳಬಹುದು, ಕನ್ನಡಿಗರು ಎಷ್ಟು ಅಂತ ಆಗುವುದಿಲ್ಲ. ಫಿನ್ಲೆಂಡಿನಲ್ಲಿ ಮಾತೃಭಾಷೆ ದಾಖಲಾಗುತ್ತದೆ, ಆದರೆ ಒಬ್ಬರಿಗೆ ಒಂದೇ. ನಮ್ಮ ಗಣತಿಯಲ್ಲಿ ಮಾತೃಭಾಷೆಯ ಜೊತೆಗೆ ಗೊತ್ತಿರುವ ಇನ್ನೆರಡು ಭಾಷೆ ಬರೆಸಬಹುದು. ಇಲ್ಲಿ ಆ ಅವಕಾಶ ಇಲ್ಲ.

ನಾವು ಎಡವಿದ್ದು ಇಲ್ಲೇ. ಕಚೇರಿಯವರು ಯಾವ ಭಾಷೆಯಲ್ಲಿ ಕಾಗದ ಕಳಿಸಬೇಕು ಅಂತ ಕೇಳುತ್ತಿದ್ದಾರೆ ಅಂದುಕೊಂಡು ನಾನೂ ನನ್ನ ಹೆಂಡತಿಯೂ ‘ಇಂಗ್ಲಿಷ್’ ಅಂತ ಬರೆದೆವು. ಮಗಳು ಹುಟ್ಟಿದಾಗ ಹೆಸರಿನ ಜೊತೆ ಮಾತೃಭಾಷೆಯನ್ನೂ ತಿಳಿಸಬೇಕಿತ್ತು. ಅಲ್ಲೂ ಅದನ್ನೇ ಬರೆದೆವು. ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಕನ್ನಡ, ಸರ್ಕಾರದ ಲೆಕ್ಕದಲ್ಲಿ ಮಾತ್ರ ಮೂರು ಜನ ಇಂಗ್ಲಿಷಿನವರು! ಆರು ವರ್ಷ ಹಾಗೇ ನಡೆಯಿತು. ಕಾಗದಪತ್ರಕ್ಕೆ ಬಳಸುವ ಭಾಷೆಯ ನಮೂದು ಬೇರೆಯೇ ಇದೆ, ಅದು ಫಿನ್ನಿಶ್ ಅಥವಾ ಸ್ವೀಡಿಶ್. ಹಾಗಾಗಿ ‘ಕನ್ನಡ’ ಅಂತ ಬರೆದರೆ ಕಾಗದ ಓದಲು ಕಷ್ಟವಾದೀತು ಅನ್ನುವ ಭಯ ಬೇಡ. ಈಗಾಗಲೇ ಇಂಗ್ಲಿಷೋ ಹಿಂದಿಯೋ ಅಂತ ಬರೆದಿದ್ದರೆ ಡಿವಿವಿಗೆ ತಿಳಿಸಿ ಬದಲಾಯಿಸಿಕೊಳ್ಳಬಹುದು. ಬ್ಯಾಂಕ್ ಲಾಗಿನ್ ಇದ್ದರೆ suomi.fi ತೆರೆದು ನಿಮ್ಮ ಬಗ್ಗೆ ಏನು ದಾಖಲಾಗಿದೆ ನೋಡಿ.

ಹಾಗೆ ನೋಡುವಾಗ ವಿಳಾಸವನ್ನೂ ಗಮನಿಸಿ. ಮೆಟ್ಟಿಲ ದಾರಿಯ ಅಕ್ಷರ, ಫ್ಲ್ಯಾಟ್ ಸಂಖ್ಯೆ ಎರಡೂ ಇರಬೇಕು, ಉದಾಹರಣೆಗೆ ‘A 12’. ಇಲ್ಲಿ ಒಂದು ಫ್ಲ್ಯಾಟಿನಲ್ಲಿ ದಾಖಲಾದವರೆಲ್ಲ ಸೇರಿ ಒಂದು ಮನೆ ಅಂತ ಲೆಕ್ಕ, ಸಂಬಂಧ ಇರಲಿ ಬಿಡಲಿ. 12ರ ಬದಲು 21 ಅಂತ ಬರೆದರೆ ಲೆಕ್ಕದಲ್ಲಿ ಯಾರದೋ ಸಂಸಾರಕ್ಕೆ ಸೇರಿಬಿಡುತ್ತೀರಿ. ಮೇಷ್ಟ್ರು ಬಂದಿದ್ದರೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಮನೆ ಬದಲಿಸಿದರೆ ಒಂದು ವಾರದೊಳಗೆ ತಿಳಿಸಿ.

ನೀವು ಸರಿಯಾಗಿ ಬರೆದರೂ ದಾಖಲೆಗೆ ಕಾಣದ ಸಂಗತಿ ಒಂದಿದೆ: ನಿಮ್ಮ ಓದು. ಪದವಿಗಳ ದಾಖಲೆ ಇಲ್ಲಿನ ಕಾಲೇಜು, ವಿಶ್ವವಿದ್ಯಾಲಯಗಳಿಂದ ಬರುತ್ತದೆ. ಮೈಸೂರಿನಲ್ಲಿ ಮಾಡಿದ ಬಿ.ಇ. ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಆದ್ದರಿಂದ ಎಷ್ಟೋ ಜನ ಇಂಜಿನಿಯರುಗಳು ‘ಬರೀ ಶಾಲೆ ಓದಿದವರು ಅಥವಾ ಗೊತ್ತಿಲ್ಲದವರು’ ಅನ್ನುವ ಗುಂಪಿನಲ್ಲಿ ಕೂತಿರುತ್ತಾರೆ. ವಲಸೆ ಬಂದವರಿಗೆ ಓದು ಕಡಿಮೆ ಅಂತ ಯಾರಾದರೂ ಪಟ್ಟಿ ತೋರಿಸಿದರೆ ಇದನ್ನು ನೆನಪಿಡಿ.

ಬಿಟ್ಟು ಹೋಗುವಾಗಲೂ ಹೇಳಿ ಹೋಗಿ. ಒಂದು ವರ್ಷಕ್ಕಿಂತ ಜಾಸ್ತಿ ಹೊರಗೆ ಹೋಗುವುದಾದರೆ ತಿಳಿಸಲೇಬೇಕು. ಸುಮ್ನೆ ಬೆಂಗಳೂರಿಗೆ ವಿಮಾನ ಹತ್ತಿದರೆ ನೀವು ಇಲ್ಲಿನ ಲೆಕ್ಕದಲ್ಲಿ ಉಳಿದುಬಿಡುತ್ತೀರಿ. ಈ ಪದ್ಧತಿಯ ದೊಡ್ಡ ದೋಷವೇ ಇದು: ಬಂದವರು ಸೌಲಭ್ಯಕ್ಕಾಗಿ ಬೇಗ ಹೆಸರು ಬರೆಸುತ್ತಾರೆ, ಹೋಗುವವರಿಗೆ ಆ ಗರಜು ಇರುವುದಿಲ್ಲ.

2027ರ ಭಾರತದ ಗಣತಿಗೆ ಅಮ್ಮ ಫೋನ್ ಮಾಡಿ “ನಿನ್ನ ಹೆಸರೂ ಬರೆಸಲಾ?” ಅಂತ ಕೇಳಬಹುದು. ಆ ದಿನಗಳಲ್ಲಿ ನೀವು ಪೂರ್ತಿ ಇಲ್ಲೇ ಇದ್ದರೆ ಬೇಡ ಅನ್ನಿ.